ಬಾಡಿಗೆಗೆ ಕೊಡಲಾಗದೆಂದು ತಿಳಿಸುವ ಬಗೆ

ಸಾಂತಾಕ್ರೂಜ್ ಪೂರ್ವದ ವಾಕೋಲಾದ ತಮ್ಮ ಫ್ಲ್ಯಾಟನ್ನು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ಅನ್ಯರಿಗೆ ಕೊಡಲು ನಿಶ್ಚಯಿಸಿರುವ ತಾವು, ಅದೇ ಮನೆಯನ್ನು ಕೇಳಿ ಆಧಾರ್, ಪ್ಯಾನ್ ಪ್ರತಿಗಳನ್ನಿತ್ತು ಕಾದಿರುವ ತರುಣನಿಗೆ ‘ಸೊಸೈಟಿ ಒಪ್ಪದು’ ಎಂಬ ನೆಪವನ್ನು ದಲ್ಲಾಳಿಯ ಬಾಯಿಂದ ಹೇಳಿಸುವುದು ಉಚಿತವಲ್ಲ. (ಈ ನೆಪ ಮುಂಬಯಿಯಲ್ಲಿ ಎಲ್ಲರಿಗೂ ಪರಿಚಿತವೇ!) ಇಷ್ಟನ್ನೇ ಬರೆಯಿರಿ:

“ಮನೆ ನೋಡಲು ಬಂದುದಕ್ಕೆ ಕೃತಜ್ಞತೆಗಳು. ಅದನ್ನು ಬೇರೊಬ್ಬರಿಗೆ ಕೊಡಲು ನಿರ್ಧರಿಸಿರುವುದರಿಂದ ತಮಗೆ ಕೊಡಲಾಗದು. ತಮ್ಮ ದಾಖಲೆಗಳ ಪ್ರತಿಗಳನ್ನು ಅಳಿಸಿದ್ದೇನೆ.”

‘ನೋಡೋಣ’ ಎಂದು ಸೇರಿಸಿದರೆ, ಅದನ್ನೇ ನಂಬಿ ಆತನು ಕೈಗೆ ಬಂದ ಬೇರೆ ಮನೆಯನ್ನು ಬಿಟ್ಟಾನು. ಜಾತಿ, ಮತ, ಆಹಾರ, ಅವಿವಾಹಿತ ಸ್ಥಿತಿ ಇವುಗಳನ್ನು ಪತ್ರದಲ್ಲಿ ಬರೆಯದಿದ್ದರಷ್ಟೇ ಸಾಲದು, ತಮ್ಮ ನಿರ್ಣಯಕ್ಕೂ ಅವು ಆಧಾರವಾಗಿರಕೂಡದು. ಟೋಕನ್ ಹಣವನ್ನೇನಾದರೂ ಪಡೆದಿದ್ದರೆ, ಪತ್ರದೊಡನೆ ಅಂದೇ ಪೂರ್ಣವಾಗಿ ಹಿಂದಿರುಗಿಸಿರಿ.