ಸಾಫ್ಟ್‌ವೇರ್ ಲೈಸೆನ್ಸ್ ಪಟ್ಟಿ: ರಿನ್ಯೂವಲ್ ತಾರೀಖಿಗಿಂತ ಮುಂಚಿನ ತಾರೀಖು

ಹತ್ತು ಜನ ಕೆಲಸ ಮಾಡುವ ಒಂದು ಆರ್ಕಿಟೆಕ್ಟ್ ಆಫೀಸ್ ದಾವಣಗೆರೆಯಲ್ಲಿದೆ ಅಂದ್ಕೊಳ್ಳಿ. ಅಲ್ಲಿ ಮೂರು ಆಟೋಕ್ಯಾಡ್ ಚಂದಾ, ಒಂದು ಟ್ಯಾಲಿ ಲೈಸೆನ್ಸ್, ಹತ್ತು ಮೇಲ್ ಖಾತೆ, ಒಂದು ಡಾಟ್ ಕಾಮ್ ಡೊಮೈನ್ ಹೆಸರು ಇವೆ. ಇಷ್ಟಕ್ಕೆ ಪಟ್ಟಿ ಮಾಡೋದು ಅರ್ಧ ದಿನದ ಕೆಲಸ. ಆದ್ರೆ ಹೆಸರು ಮತ್ತು ರಿನ್ಯೂವಲ್ ತಾರೀಖು ಬರೆದರೆ ಮಾತ್ರ ಸಾಲದು. ಯಾಕೆ ಅಂತ ಈ ಲೇಖನದಲ್ಲಿ ನೋಡೋಣ.

ಮೊದಲು ಏನೇನಿದೆ ಅಂತ ಹುಡುಕಬೇಕು. ಯಾರನ್ನೋ ಕೇಳೋದಕ್ಕಿಂತ ಬ್ಯಾಂಕ್ ಮತ್ತು ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ನೋಡೋದು ಒಳ್ಳೆಯದು. ಹನ್ನೆರಡರ ಬದಲು ಹದಿಮೂರು ತಿಂಗಳದ್ದು ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಕಟ್ಟುವ ದುಡ್ಡು ಕೆಲವು ದಿನ ಹಿಂದೆಮುಂದೆ ಆದರೂ ಅದರಲ್ಲಿ ಸಿಕ್ಕೇ ಸಿಗುತ್ತೆ.

ಮುಂದಿನ ಪ್ರಶ್ನೆ: ಅವಧಿ ಮುಗಿದರೆ ಏನಾಗುತ್ತೆ? ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ಆಟೋಕ್ಯಾಡ್ ಈಗ ಚಂದಾ ರೂಪದಲ್ಲಿ ಸಿಗುತ್ತೆ, ಮುಗಿದರೆ ಡ್ರಾಯಿಂಗ್ ಕೆಲಸ ನಿಲ್ಲುತ್ತೆ. ಟ್ಯಾಲಿಯ ಶಾಶ್ವತ ಲೈಸೆನ್ಸ್ ಹಾಗಲ್ಲ. ವಾರ್ಷಿಕ ಟಿಎಸ್ಎಸ್ ಮುಗಿದರೂ ಲೆಕ್ಕ ಬರೆಯಬಹುದು, ಹೊಸ ಆವೃತ್ತಿ ಮತ್ತು ಆನ್‌ಲೈನ್ ಸೇವೆಗಳು ಮಾತ್ರ ನಿಲ್ಲುತ್ತವೆ. ಇವುಗಳಲ್ಲಿ ಅತಿ ಕಡಿಮೆ ಬೆಲೆಯದು ಡೊಮೈನ್, ಆದರೆ ಅತಿ ಹೆಚ್ಚು ಹಾನಿ ಅದರಿಂದಲೇ. ಡೊಮೈನ್ ನಿಂತರೆ ಆ ಹೆಸರಿನ ಎಲ್ಲ ಮೇಲ್ ನಿಲ್ಲುತ್ತೆ. ಮೇಲ್ ನಿಂತರೆ ಉಳಿದ ಸಾಫ್ಟ್‌ವೇರ್‌ಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ಬರಲ್ಲ.

ಡಾಟ್ ಕಾಮ್ ಅವಧಿ ಮುಗಿದ ಕೂಡಲೇ ಬೇರೆಯವರ ಪಾಲಾಗಲ್ಲ ಅನ್ನೋದು ನಿಜ. ರಿಜಿಸ್ಟ್ರಾರ್ ಕೆಲವು ದಿನ ಬಿಡಬಹುದು, ಹೆಚ್ಚೆಂದರೆ 45 ದಿನ. ಅದನ್ನು ಅಳಿಸಿದ ಮೇಲೆ 30 ದಿನ ವಾಪಸ್ ಪಡೆಯೋ ಅವಕಾಶ ಇದೆ, ಆದ್ರೆ ಶುಲ್ಕ ಜಾಸ್ತಿ. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಮೇಲ್ ನಿಲ್ಲೋದಕ್ಕೆ ಇಷ್ಟೆಲ್ಲ ದಿನ ಬೇಕಾಗಲ್ಲ. ಅವಧಿ ಮುಗಿದ ಕೆಲವೇ ದಿನಗಳಲ್ಲಿ ನಿಲ್ಲಬಹುದು.

ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮುಂಚೆ ಮತ್ತು ಒಂದು ವಾರ ಮುಂಚೆ ನೆನಪಿಸಲೇಬೇಕು ಅಂತ ಐಕ್ಯಾನ್ ನಿಯಮ ಇದೆ. ಆ ಮೇಲ್ ಯಾರಿಗೆ ಹೋಗುತ್ತೆ? ಖಾತೆ ತೆರೆದವರಿಗೆ. ಅವರು ಕೆಲಸ ಬಿಟ್ಟು ಹೋಗಿದ್ದರೆ ಆ ಮೇಲ್ ನೋಡೋರೇ ಇಲ್ಲ. ಹಾಗಾಗಿ ‘ಹೊಣೆಗಾರ’ ಅನ್ನೋ ಕಾಲಂನಲ್ಲಿ ‘ಅಕೌಂಟ್ಸ್ ವಿಭಾಗ’ ಅಂತ ಬರೆಯಬೇಡಿ. ಒಬ್ಬರ ಹೆಸರು, ಅವರಿಲ್ಲದಾಗ ನೋಡಿಕೊಳ್ಳೋ ಇನ್ನೊಬ್ಬರ ಹೆಸರು, ಲಾಗಿನ್ ಆಗುವ ಮೇಲ್ ವಿಳಾಸ, ಈ ಮೂರೂ ಬೇಕು. ಡೊಮೈನ್ ಖಾತೆಯ ಮೇಲ್ ಮಾತ್ರ ಅದೇ ಡೊಮೈನಿನದ್ದಾಗಿರಬಾರದು. ಕೀಲಿಯನ್ನು ಮನೆ ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತೆ.

‘ಆಟೋ ರಿನ್ಯೂ ಆನ್ ಇದೆ’ ಅಂತ ಕೆಲವರು ಹೇಳ್ತಾರೆ. ನಮ್ಮ ದೇಶದಲ್ಲಿ ಅದನ್ನೇ ಪೂರ್ತಿ ನಂಬೋಕಾಗಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿನಿಂದ ಇಂಥ ಪಾವತಿ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಒಟಿಪಿಯಂಥ ದೃಢೀಕರಣ ಬೇಕು. ಮೂರು ಆಟೋಕ್ಯಾಡ್ ಚಂದಾ ಒಟ್ಟಿಗೆ ಆ ಮಿತಿ ದಾಟುತ್ತೆ. ಒಟಿಪಿ ಬರುವ ಫೋನ್ ಮಾಲೀಕರ ಹತ್ತಿರ ಇದ್ದು, ಅವರು ಸೈಟಿನಲ್ಲಿದ್ದರೆ ಪಾವತಿ ಅಲ್ಲಿಗೇ ನಿಂತಿತು. ಆದ್ದರಿಂದ ಯಾವ ಕಾರ್ಡ್, ಅದರ ಒಟಿಪಿ ಯಾರಿಗೆ ಅನ್ನೋದೂ ಪಟ್ಟಿಯಲ್ಲಿರಲಿ.

ಈಗ ಮುಖ್ಯ ಕಾಲಂಗೆ ಬರೋಣ: ತೀರ್ಮಾನದ ತಾರೀಖು. ಆಟೋಕ್ಯಾಡ್ ರಿನ್ಯೂವಲ್ 12 ಆಗಸ್ಟ್ 2027 ಅಂತಿಟ್ಟುಕೊಳ್ಳಿ. ಮೂವರಲ್ಲಿ ಒಬ್ಬರು ಈಗ ಅದನ್ನು ಬಳಸ್ತಾ ಇಲ್ಲ. ಎರಡಕ್ಕೆ ಇಳಿಸಬೇಕಾ ಅಂತ ಕೇಳೋಕೆ, ಕೊಟೇಶನ್ ತರಿಸೋಕೆ, ಮಾಲೀಕರ ಒಪ್ಪಿಗೆಗೆ 30 ದಿನ ಬೇಕು. ಹಾಗಾದ್ರೆ ನಾವು ಕೆಲಸ ಶುರು ಮಾಡಬೇಕಾದ್ದು 13 ಜುಲೈಗೆ. ಶೀಟಿನಲ್ಲಿ D ಕಾಲಂ ರಿನ್ಯೂವಲ್ ತಾರೀಖು, E ಕಾಲಂ ಬೇಕಾದ ದಿನಗಳು ಅಂತಾದರೆ, F2 ಮತ್ತು G2ನಲ್ಲಿ ಹೀಗೆ ಬರೆಯಿರಿ:

```
=D2-E2
=IF(TODAY()>=F2,"ಈಗಲೇ ನೋಡಿ","")
```

ಶೀಟನ್ನು F ಕಾಲಂ ಪ್ರಕಾರ ಜೋಡಿಸಿದರೆ ಮುಂದಿನ ಕೆಲಸ ಮೇಲಿನ ಸಾಲಿನಲ್ಲೇ ಕಾಣುತ್ತೆ. ಆದ್ರೆ ಶೀಟ್ ತಾನಾಗಿ ಯಾರನ್ನೂ ಕರೆಯಲ್ಲ, ತೆರೆದವರಿಗಷ್ಟೇ ಹೇಳುತ್ತೆ. ಅದಕ್ಕೆ F ಕಾಲಂನ ತಾರೀಖನ್ನು ಇಬ್ಬರು ಹೊಣೆಗಾರರ ಕ್ಯಾಲೆಂಡರಿಗೂ ಹಾಕಿ.

ಪಟ್ಟಿ ಸರಿ ಇದೆಯಾ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಯಾವುದಾದರೂ ಒಂದು ಸಾಲು ಆರಿಸಿ, ಅದರಲ್ಲಿ ಎರಡನೇ ಹೆಸರಿನವರಿಗೆ ಲಾಗಿನ್ ಆಗಿ ರಿನ್ಯೂವಲ್ ತಾರೀಖು ತೋರಿಸಿ ಅಂತ ಹೇಳಿ. ಅವರಿಗೆ ಆಗಲಿಲ್ಲ ಅಂದ್ರೆ ಆ ಸಾಲು ಇನ್ನೂ ಭರ್ತಿಯಾಗಿಲ್ಲ ಅಂತ ಅರ್ಥ.