ಅಗ್ಗದ ಮರ ಕೊಂಡಾಗ ಉಳಿದದ್ದೆಷ್ಟು, ಕಳೆದದ್ದೆಷ್ಟು?

ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವುದು ಹಾಲೆ ಮರ. ಅಲ್ಲಿನಂಥ ಒಂದು ಸಣ್ಣ ಘಟಕವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಗೊಂಬೆಗೆ ಅರ್ಧ ಕೆಜಿ ಮರ, ಕೆಜಿಗೆ 60 ರೂಪಾಯಿ ಎಂದು ಮೊದಲೇ ನಿಗದಿ ಮಾಡಿದ್ದಾರೆ. ಇದೇ ಪ್ರಮಾಣಿತ ವೆಚ್ಚ. ಈ ತಿಂಗಳು ಕೆಜಿಗೆ 54 ರೂಪಾಯಿಯಂತೆ 700 ಕೆಜಿ ಕೊಂಡರು. ಅದರಲ್ಲಿ 580 ಕೆಜಿ ಬಳಸಿ 1,000 ಗೊಂಬೆ ಮಾಡಿದರು.

ಮೊದಲು ಬೆಲೆ ವ್ಯತ್ಯಾಸ ನೋಡಿ. ಕೆಜಿಗೆ 6 ರೂಪಾಯಿ ಕಡಿಮೆ, ಕೊಂಡದ್ದು 700 ಕೆಜಿ. 4,200 ರೂಪಾಯಿ ಅನುಕೂಲ. ಮರ ಬಂದ ದಿನವೇ ಇದನ್ನು ಬರೆದಿಡುವುದು ಒಳ್ಳೆಯದು, ಖರೀದಿ ಮಾಡಿದವರನ್ನು ಆಗಲೇ ಕೇಳಬಹುದು.

ಆಮೇಲೆ ಬಳಕೆ ವ್ಯತ್ಯಾಸ. ಹೆಚ್ಚಿನವರು ಎಡವುವುದು ಇಲ್ಲಿ. ತಿಂಗಳ ಗುರಿ 1,200 ಗೊಂಬೆ ಇತ್ತು ಎನ್ನಿ. ಅದಕ್ಕೆ 600 ಕೆಜಿ ಬೇಕಿತ್ತು, ಬಳಸಿದ್ದು 580, ಹಾಗಾಗಿ 20 ಕೆಜಿ ಉಳಿಯಿತು ಎಂದು ಲೆಕ್ಕ ಹಾಕಿದರೆ ಅದು ಪೂರಾ ತಪ್ಪು. ತಯಾರಾದದ್ದು 1,000 ಗೊಂಬೆ. ಅಷ್ಟಕ್ಕೆ 500 ಕೆಜಿ ಸಾಕಿತ್ತು. 80 ಕೆಜಿ ಹೆಚ್ಚು ಹೋಗಿದೆ. ಇದನ್ನು ನಿಗದಿತ ಬೆಲೆಯಾದ 60ರಿಂದಲೇ ಗುಣಿಸಬೇಕು, ಏಕೆಂದರೆ ಬೆಲೆಯ ಏರಿಳಿತಕ್ಕೆ ಲೇತ್ ಮೇಲಿನ ಕೆಲಸಗಾರ ಹೊಣೆಯಲ್ಲ. ಬಂದದ್ದು 4,800 ರೂಪಾಯಿ ಪ್ರತಿಕೂಲ.

ಎರಡನ್ನೂ ಕೂಡಿಸುವಾಗ ಬಳಸಿದ ಮರದ ಉಳಿತಾಯವನ್ನಷ್ಟೇ ತೆಗೆದುಕೊಳ್ಳಿ: 580 ಕೆಜಿಗೆ 3,480 ರೂಪಾಯಿ. ನಿವ್ವಳವಾಗಿ 1,320 ರೂಪಾಯಿ ಹೆಚ್ಚು ಖರ್ಚಾಗಿದೆ.

ಹಾಗೆಂದು ಕೂಡಲೇ ಕೆಲಸಗಾರರನ್ನು ದೂರಬೇಡಿ. ಹಾಳಾದದ್ದನ್ನು ಬೇರೆ ಬೇರೆ ಮಾಡಿ ತೂಗಿ. ಬಿರುಕು ಬಿಟ್ಟ ತುಂಡುಗಳೇ ಹೆಚ್ಚಿದ್ದರೆ ಹಸಿ ಮರ ಬಂದಿದೆ ಎಂದರ್ಥ. ಅಗ್ಗದ ಬೆಲೆಯೇ ನಷ್ಟಕ್ಕೆ ಕಾರಣವಾಗಿರಬಹುದು. ಅಳತೆ ತಪ್ಪಿದ ತುಂಡುಗಳು ಹೆಚ್ಚಿದ್ದರೆ ಉಳಿಯ ಮೊನೆಯನ್ನೂ ಹೊಸಬರ ಕೈಯನ್ನೂ ಗಮನಿಸಬೇಕು.

ಅನುಕೂಲ ಎಂದು ಬಂದರೂ ಸಮಾಧಾನ ಪಡುವ ಮುನ್ನ ಪರೀಕ್ಷಿಸಿ. ಬಳಕೆ ಕಡಿಮೆಯಾಗಿದ್ದರೆ ಗೊಂಬೆಯನ್ನೇ ತೂಗಿ ನೋಡಿ, ತೆಳ್ಳಗೆ ಮಾಡಿರಲೂಬಹುದು. ಇತ್ತ ಬೆಲೆಯ ಪ್ರತಿಕೂಲವೂ ಯಾವಾಗಲೂ ತಪ್ಪಲ್ಲ. ಮಾರುಕಟ್ಟೆಯ ದರವೇ ಏರಿ ಅಲ್ಲೇ ನಿಂತಿದ್ದರೆ ಬದಲಾಗಬೇಕಾದದ್ದು ನಿಮ್ಮ 60 ರೂಪಾಯಿಯ ಅಂದಾಜು.

ಇನ್ನು ಉಳಿದ 120 ಕೆಜಿ ಮರ. ಅದನ್ನು ನೆರಳಲ್ಲಿ ಒಣಗಿಸಿ, ಬಳಕೆಗೆ ಕೊಡುವ ಮುನ್ನ ಮತ್ತೊಮ್ಮೆ ತೂಗಿ. ಅದಕ್ಕೆ ಕೊಟ್ಟದ್ದು 6,480 ರೂಪಾಯಿ. ನೀರು ಆರಿ 105 ಕೆಜಿಗೆ ಇಳಿದರೆ, ಒಣ ಮರ ಕೆಜಿಗೆ ಸುಮಾರು 61 ರೂಪಾಯಿ 70 ಪೈಸೆ ಬಿದ್ದಂತಾಯಿತು. ಹಾಗಾದರೆ 4,200ರ ಅನುಕೂಲದಲ್ಲಿ ಒಂದಷ್ಟು ಪಾಲು ನೀರಿನ ತೂಕದ್ದೇ. ಮುಂದಿನ ಸಲ ದರ ಮಾತಾಡುವಾಗ ಒಣ ಮರದ ತೂಕದ ಮೇಲೆಯೇ ಮಾತಾಡಿ.