ಮೀಟಿಂಗ್ ಮೇಲ್: ಬರೋ ಮೊದಲು ಯಾರು ಏನು ಮಾಡ್ಬೇಕು?

‘ಟ್ರಿಪ್ ಬಗ್ಗೆ ಚರ್ಚೆ ಇದೆ, ಎಲ್ಲರೂ ಬನ್ನಿ’ ಅಂತ ಮೇಲ್ ಹಾಕಿದರೆ ಎಲ್ಲರೂ ಬರ್ತಾರೆ, ಖಾಲಿ ಕೈಯಲ್ಲಿ. ಬಸ್ ಬಾಡಿಗೆ ಎಷ್ಟು ಅಂತ ಫೋನ್ ಮಾಡೋದು ಅಲ್ಲೇ ಶುರು!

ಮಣಿಪಾಲದಿಂದ ಕಾರ್ಕಳ, ಕಾಪು ನೋಡಿ ಬರುವ ಒಂದು ದಿನದ ಪ್ರವಾಸವನ್ನೇ ತೆಗೆದುಕೊಳ್ಳೋಣ. ಅಜೆಂಡಾದಲ್ಲಿ ಬರೀ ‘ಮಾರ್ಗ’ ಅಂತ ಬರೆದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ತೀರ್ಮಾನ ಆಗಬೇಕಾದ ಪ್ರಶ್ನೆಯನ್ನೇ ಬರೆಯೋಣ: ‘ಮೊದಲು ಕಾರ್ಕಳವೋ ಕಾಪುವೋ? 10 ನಿಮಿಷ.’ 1432ರ ಗೊಮ್ಮಟನಿರುವುದು ಬಂಡೆಯ ಬೆಟ್ಟದ ಮೇಲೆ, ಬಿಸಿಲೇರಿದರೆ ಕಲ್ಲು ಕಾಯುತ್ತದೆ. 1901ರ ಕಾಪು ದೀಪಸ್ತಂಭಕ್ಕೆ ಬೇಕೆಂದಾಗ ಹತ್ತಲು ಬಿಡುವುದಿಲ್ಲ. ಅಂದರೆ ಅದು ತೆರೆಯುವ ಹೊತ್ತು ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ. ಹಾಗಾಗಿ ಅದೇ ಸಾಲಿನ ಕೆಳಗೆ: ‘ಕಾರ್ಯದರ್ಶಿ: ದೀಪಸ್ತಂಭದ ಸಮಯ ಕೇಳಿಕೊಂಡು ಬರುವುದು. ಖಜಾಂಚಿ: ಎರಡು ಬಸ್‌ನವರ ದರ ಬರೆಸಿಕೊಂಡು ಬರುವುದು.’ ‘ಎಲ್ಲರೂ ತಯಾರಾಗಿ ಬನ್ನಿ’ ಅಂದರೆ ಯಾರೂ ತಯಾರಾಗಲ್ಲ, ನಮಗೇ ಗೊತ್ತಲ್ವಾ!

ಮೊದಲೇ ಓದಬೇಕಾದ್ದು ಒಂದೇ ಪುಟ ಇರಲಿ: ಮ್ಯಾಪ್, ಕಳೆದ ಪ್ರವಾಸದ ಖರ್ಚು. ‘ಕೊನೆಯ ಮೂರು ಸಾಲು ಸಾಕು’ ಅಂತ ಮೇಲ್‌ನಲ್ಲೇ ಹೇಳಿಬಿಡಿ. ಮೀಟಿಂಗ್‌ನಲ್ಲಿ ಯಾರಾದರೂ ಆ ಪುಟವನ್ನು ಗಟ್ಟಿಯಾಗಿ ಓದತೊಡಗಿದರೆ, ಯಾರೂ ಓದಿ ಬಂದಿಲ್ಲ ಅಂತಲೇ ಲೆಕ್ಕ. ಮೇಲ್ ಮೂರು ದಿನ ಮೊದಲೇ ಹೋಗಲಿ, ಬಸ್‌ನವರು ದರ ಹೇಳೋಕೆ ಎರಡು ದಿನವಾದ್ರೂ ಬೇಕು.